ಹಬ್ಬದ ನೆನಪು ಬರೆಯುವಾಗ ಕ್ರಿಯಾಪದ

ಮನೆಯ ಹಬ್ಬದ ಬಗ್ಗೆ ಬರೆಯುವವರು ಪ್ರತಿವರ್ಷದ ರೂಢಿಯನ್ನು ‘ನಾವು’ ಮತ್ತು ‘-ುತ್ತಿದ್ದೆವು’, ‘-ುತ್ತಿದ್ದರು’ ರೂಪದಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿ, ಆಮೇಲೆ ಒಂದೇ ವರ್ಷದ ಘಟನೆಗೆ ‘ನಾನು’ ಮತ್ತು ಸರಳ ಭೂತಕಾಲಕ್ಕೆ ಬನ್ನಿ. ‘ದೀಪಾವಳಿಯಲ್ಲಿ ನೀರು ತುಂಬುವ ಸಂಜೆ ನಾವೆಲ್ಲ ಬಚ್ಚಲಲ್ಲಿ ಸೇರುತ್ತಿದ್ದೆವು, ಅಜ್ಜಿ ಹಂಡೆಗೆ ಹಾಗಲಬಳ್ಳಿ ಸುತ್ತುತ್ತಿದ್ದರು. ಆ ವರ್ಷ ಬಳ್ಳಿಯನ್ನು ನನ್ನ ಕೈಗೆ ಕೊಟ್ಟರು.’ ‘ಕೊಟ್ಟರು’ ಎಂಬಲ್ಲಿ ಕಾಲ ಬದಲಾದೊಡನೆ ಕಥೆ ಶುರುವಾಯಿತೆಂದು ಓದುಗರಿಗೆ ತಾನಾಗಿ ತಿಳಿಯುತ್ತದೆ. ‘ನಾವು’ ಎಂದೇ ಮುಂದುವರಿದರೆ ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದು ಮಸುಕಾಗುತ್ತದೆ. ಹಲವು ವರ್ಷಗಳ ನೆನಪು ಬೆರೆತು ಹೋಗಿದ್ದರೆ ಇದು ಹೊಂದದು, ಅಲ್ಲಿ ರೂಢಿಯ ರೂಪವೇ ಪ್ರಾಮಾಣಿಕ. ವರ್ತಮಾನಕಾಲದಲ್ಲಿ ಮಗುವಿನ ದನಿಯಿಂದಲೂ ಬರೆಯಬಹುದು, ಆದರೆ ‘ಅದೇ ಅಜ್ಜಿಯ ಕೊನೆಯ ಹಬ್ಬ’ ಎಂಬಂಥ ಮಾತು ಆ ಮಗುವಿನ ಬಾಯಲ್ಲಿ ಬರುವಂತಿಲ್ಲ.