ಎಲ್‌ಸಿಗೂ ಹಡಗಿನ ದಾಖಲೆಗಳಿಗೂ ತಾಳೆ ನೋಡುವುದು ಹೇಗೆ?

ಪೀಣ್ಯದ ಕಾರ್ಖಾನೆಯೊಂದರ ಅಂಗಿಗಳು ವೈಟ್‌ಫೀಲ್ಡಿನ ಕಂಟೇನರ್ ಡಿಪೊ ಸೇರಿ, ಅಲ್ಲಿಂದ ರೈಲಿನಲ್ಲಿ ಚೆನ್ನೈಗೆ ಹೋಗಿ ಹಡಗು ಹತ್ತುತ್ತವೆ ಎಂದುಕೊಳ್ಳೋಣ. ಎಲ್‌ಸಿ ಎಂದರೆ ಲೆಟರ್ ಆಫ್ ಕ್ರೆಡಿಟ್, ಸರಿಯಾದ ದಾಖಲೆಗಳನ್ನು ಕೊಟ್ಟರೆ ಹಣ ಕೊಡುತ್ತೇವೆ ಎಂದು ಖರೀದಿದಾರರ ಬ್ಯಾಂಕು ಕೊಡುವ ಭರವಸೆ. ಅದರಲ್ಲಿ ಬ್ಯಾಂಕು ಅಂಗಿಗಳನ್ನು ನೋಡುವುದಿಲ್ಲ, ಕಾಗದಗಳನ್ನಷ್ಟೇ ನೋಡುತ್ತದೆ. ಆದ್ದರಿಂದ ಬ್ಯಾಂಕಿಗೆ ಕೊಡುವ ಮೊದಲು ನೀವೇ ಅವನ್ನು ಪರಿಶೀಲಿಸಬೇಕು.

ಮೊದಲು ಎಲ್‌ಸಿಯನ್ನೂ ಅದಕ್ಕೆ ಆದ ಎಲ್ಲ ತಿದ್ದುಪಡಿಗಳನ್ನೂ ಮುದ್ರಿಸಿಕೊಂಡು, ನಾಲ್ಕು ಕಡೆ ಗುರುತು ಹಾಕಿ, ಆವರಣದಲ್ಲಿರುವುದು ಎಲ್‌ಸಿಯಲ್ಲಿನ ಕಲಮಿನ ಸಂಖ್ಯೆ: ಸರಕು ಹಡಗೇರಲು ಕೊನೆಯ ದಿನ (44C), ಹಡಗೇರುವ ಬಂದರು (44E), ಸರಕಿನ ವಿವರಣೆ (45A), ಎಲ್‌ಸಿ ಮುಗಿಯುವ ದಿನ (31D). ನಮ್ಮ ಉದಾಹರಣೆಯಲ್ಲಿ ಕೊನೆಯ ದಿನ ಜೂನ್ 20, ಬಂದರು ಚೆನ್ನೈ, ಮುಕ್ತಾಯ ಜುಲೈ 15.

ಈಗ ಸರಕು ಸಾಗಣೆಗೆ ಶಿಪ್ಪಿಂಗ್ ಲೈನ್ ಕೊಡುವ ದಾಖಲೆಯಾದ ಬಿಲ್ ಆಫ್ ಲೇಡಿಂಗ್ ಕೈಗೆತ್ತಿಕೊಳ್ಳಿ. ಸಮುದ್ರವಿಲ್ಲದ ನಮ್ಮ ಊರಿನವರು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಸರಕು ಸ್ವೀಕರಿಸಿದ ಸ್ಥಳ ವೈಟ್‌ಫೀಲ್ಡ್, ಬಂದರಿನವರೆಗಿನ ಸಾಗಣೆ ರೈಲು ಎಂದು ಅದರಲ್ಲಿ ನಮೂದಾಗಿದ್ದರೆ, 'ಹಡಗಿಗೆ ಏರಿಸಲಾಗಿದೆ' ಎಂಬ ಮಾತು ನಮೂನೆಯಲ್ಲೇ ಅಚ್ಚಾಗಿದ್ದರೂ ಸಾಲದು; ಹಡಗಿನ ಹೆಸರು, ಚೆನ್ನೈ ಬಂದರು ಮತ್ತು ದಿನಾಂಕ ಮೂರನ್ನೂ ಹೇಳುವ ಪ್ರತ್ಯೇಕ 'ಆನ್ ಬೋರ್ಡ್' ಷರಾ ಇರಲೇಬೇಕು. ಬಿಲ್ ಹೊರಡಿಸಿದ ದಿನ ಜೂನ್ 16 ಆಗಿದ್ದು, ಷರಾದಲ್ಲಿ ಜೂನ್ 19 ಎಂದಿದ್ದರೆ, ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದು 19ನ್ನೇ. ಅದು 20ರೊಳಗಿದೆ, ತೊಂದರೆಯಿಲ್ಲ. ಷರಾವೇ ಇಲ್ಲದಿದ್ದರೆ ಶಿಪ್ಪಿಂಗ್ ಲೈನಿನಿಂದ ಅಂದೇ ಹಾಕಿಸಿಕೊಳ್ಳಿ.

ಬಳಿಕ ಇನ್‌ವಾಯ್ಸ್. ಎಲ್‌ಸಿಯಲ್ಲಿ 'ನೂರಕ್ಕೆ ನೂರು ಹತ್ತಿಯ ಗಂಡಸರ ನೇಯ್ದ ಅಂಗಿ' ಎಂದಿರುವಾಗ ಇನ್‌ವಾಯ್ಸಿನಲ್ಲಿ ಬರೀ 'ಹತ್ತಿ ಅಂಗಿ' ಎಂದರೆ ಬ್ಯಾಂಕು ನಿರಾಕರಿಸಬಹುದು. ವಿವರಣೆಯನ್ನು ಅಕ್ಷರಶಃ ನಕಲು ಮಾಡುವುದೇ ಕ್ಷೇಮ. ಪ್ಯಾಕಿಂಗ್ ಲಿಸ್ಟಿನಂಥ ಉಳಿದ ಕಾಗದಗಳಲ್ಲಿ ಸಾಮಾನ್ಯ ಹೆಸರು ಸಾಕು. ಎಲ್‌ಸಿಗೆ ವಿರುದ್ಧವಾಗಿ ಏನೂ ಇರಬಾರದಷ್ಟೇ. ಆದರೆ ಪೆಟ್ಟಿಗೆಗಳ ಸಂಖ್ಯೆ ಒಂದರಲ್ಲಿ 412, ಇನ್ನೊಂದರಲ್ಲಿ 421 ಎಂದಾದರೆ ಅದು ವಿರೋಧವೇ.

ಕೊನೆಗೆ ದಿನಗಳನ್ನು ಎಣಿಸಿ. ಎಲ್‌ಸಿ ಬೇರೆ ಅವಧಿ ಹೇಳದಿದ್ದರೆ, ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ ಪ್ರಕಾರ ಹಡಗೇರಿದ ದಿನದಿಂದ 21 ದಿನಗಳೊಳಗೆ ದಾಖಲೆ ಸಲ್ಲಿಸಬೇಕು. ಜೂನ್ 19ಕ್ಕೆ 21 ಸೇರಿಸಿದರೆ ಜುಲೈ 10. ಎಲ್‌ಸಿ 15ರವರೆಗೆ ಇದ್ದರೂ ನಿಮ್ಮ ಗಡುವು 10ಕ್ಕೇ ಮುಗಿಯುತ್ತದೆ. ಪರಿಶೀಲನೆಗೆ ಬ್ಯಾಂಕಿಗೆ ಐದು ಬ್ಯಾಂಕ್ ದಿನಗಳವರೆಗೆ ಕಾಲಾವಕಾಶ ಇರುವುದರಿಂದ, ಜುಲೈ ಮೊದಲ ದಿನಗಳಲ್ಲೇ ಸಲ್ಲಿಸಿದರೆ ತಪ್ಪು ತಿದ್ದಿ ಮತ್ತೆ ಕೊಡಲು ಸಮಯ ಸಿಗುತ್ತದೆ.

ಕಾಗದದ ತಪ್ಪನ್ನು ಹೀಗೆ ತಿದ್ದಬಹುದು. ಹಡಗೇ ಜೂನ್ 22ಕ್ಕೆ ಸರಕು ಏರಿಸಿಕೊಂಡಿದ್ದರೆ ತಿದ್ದಲು ಬರುವುದಿಲ್ಲ, ಹಿಂದಿನ ದಿನಾಂಕ ಹಾಕಿಸುವುದು ವಂಚನೆಯಾಗುತ್ತದೆ. ರೈಲು ತಡವಾದ ಸುದ್ದಿ ಬಂದ ಕೂಡಲೇ ಖರೀದಿದಾರರಿಗೆ ತಿಳಿಸಿ, 44Cಯ ದಿನಾಂಕವನ್ನು ಮುಂದಕ್ಕೆ ಹಾಕುವ ತಿದ್ದುಪಡಿಯನ್ನು ಅವರ ಬ್ಯಾಂಕಿನಿಂದ ತರಿಸಿಕೊಳ್ಳಬೇಕು.