31 ಸಾಲು, 41 ಗುಣಾಂಕ: ಬೇಯೇಸಿಯನ್ ವಿಎಆರ್‌ಗೆ ಲಗಾಮು ಹಾಕುವುದು ಹೇಗೆ?

ಭಾರತದ ಜಿಡಿಪಿ, ಚಿಲ್ಲರೆ ಬೆಲೆ, ರೆಪೊ ದರ, ಡಾಲರ್ ದರ, ಬ್ಯಾಂಕ್ ಸಾಲ, ಕಚ್ಚಾ ತೈಲ ಹೀಗೆ 10 ಸಂಗತಿಗಳನ್ನು ಒಟ್ಟಿಗೆ ಇಟ್ಟು ಮುನ್ನೋಟ ಮಾಡಬೇಕಿದೆ ಅಂದುಕೊಳ್ಳಿ. 2011-12ರ ಆಧಾರ ವರ್ಷದ ತ್ರೈಮಾಸಿಕ ಜಿಡಿಪಿ ಸರಣಿ 2011ರ ಏಪ್ರಿಲ್-ಜೂನ್‌ನಿಂದ ಶುರು. ಅಲ್ಲಿಂದ 2019ರ ಕೊನೆಯವರೆಗೆ 35 ತ್ರೈಮಾಸಿಕ. 4 ಲ್ಯಾಗ್, ಅಂದರೆ ಪ್ರತಿ ಸರಣಿಯ ಹಿಂದಿನ ನಾಲ್ಕು ತ್ರೈಮಾಸಿಕದ ಬೆಲೆಗಳನ್ನು, ಇಟ್ಟರೆ ಮೊದಲ ನಾಲ್ಕು ಸಾಲು ಅದಕ್ಕೇ ಹೋಗುತ್ತವೆ, ಉಳಿಯುವುದು 31. ವಿಎಆರ್ ಅಂದರೆ ಪ್ರತಿ ಸರಣಿಯನ್ನೂ ಎಲ್ಲ ಸರಣಿಗಳ ಲ್ಯಾಗ್‌ಗಳಿಂದ ಊಹಿಸುವ ಮಾದರಿ. ಆದರೆ ಅದರ ಪ್ರತಿ ಸಮೀಕರಣದಲ್ಲೂ 10 × 4 ಮತ್ತು ಒಂದು ಸ್ಥಿರಾಂಕ, ಒಟ್ಟು 41 ಗುಣಾಂಕ. 31 ಸಾಲಿನಿಂದ 41 ಸಂಖ್ಯೆ ಹುಡುಕಲು ಸಾಮಾನ್ಯ ರಿಗ್ರೆಷನ್‌ಗೆ ಆಗದು.

ಇದಕ್ಕೆ ದಾರಿ ತೋರಿಸಿದವರು 1980ರ ದಶಕದಲ್ಲಿ ಮಿನ್ನೆಸೋಟದಲ್ಲಿದ್ದ ಅರ್ಥಶಾಸ್ತ್ರಜ್ಞರು ಲಿಟರ್‌ಮನ್, ಡೋನ್ ಮತ್ತು ಸಿಮ್ಸ್. ಅದಕ್ಕೇ ಇದು ಮಿನ್ನೆಸೋಟ ಪ್ರಯರ್. ಪ್ರಯರ್ ಅಂದರೆ ಡೇಟಾ ನೋಡುವ ಮೊದಲೇ ಇಟ್ಟುಕೊಳ್ಳುವ ನಂಬಿಕೆ. ಅವರ ನಂಬಿಕೆ ಸರಳ: ಬೇರೆ ಸಾಕ್ಷ್ಯ ಸಿಗುವವರೆಗೆ, ನಾಳೆಯ ಜಿಡಿಪಿ ಇವತ್ತಿನಂತೆಯೇ ಇರುತ್ತದೆ. ಅಂದರೆ ತನ್ನದೇ ಮೊದಲ ಲ್ಯಾಗ್‌ನ ಗುಣಾಂಕ 1, ಮಿಕ್ಕಿದ್ದೆಲ್ಲ 0. ಡೇಟಾ ಜೋರಾಗಿ ಹೇಳಿದರೆ ಮಾತ್ರ ಅಲ್ಲಿಂದ ಕದಲಬೇಕು.

ಮೊದಲು ಡೇಟಾ ಸಿದ್ಧ ಮಾಡಿ. ರೆಪೊದಂಥ ಬಡ್ಡಿ ದರಗಳನ್ನು ಬಿಟ್ಟು ಉಳಿದವನ್ನು ಲಾಗ್ ತೆಗೆದು 100ರಿಂದ ಗುಣಿಸಿ. ಮಟ್ಟದಲ್ಲಿರುವ ಸರಣಿಗೆ ತನ್ನದೇ ಮೊದಲ ಲ್ಯಾಗ್‌ನ ಕೇಂದ್ರ, ಅಂದರೆ ಪ್ರಯರ್ ಹಿಡಿದಿಡುವ ಬೆಲೆ, 1 ಸರಿ. ಬೆಳವಣಿಗೆ ದರವನ್ನೇ ಹಾಕಿದರೆ ಕೇಂದ್ರ 0 ಇರಬೇಕು. ಇಲ್ಲಿ ಎಡವುವವರು ಜಾಸ್ತಿ.

ಇನ್ನೊಂದು ಎಡವಟ್ಟನ್ನು ನಾನೇ ಮಾಡಿದ್ದೇನೆ. ಅಧಿಕೃತ ತ್ರೈಮಾಸಿಕ ಜಿಡಿಪಿಯಲ್ಲಿ ಋತುಮಾನದ ಏರಿಳಿತ ಹಾಗೇ ಇರುತ್ತದೆ. ಆ ಏರಿಳಿತವನ್ನು ಹಿಡಿಯುವುದು ನಾಲ್ಕನೇ ಲ್ಯಾಗ್. ಪ್ರಯರ್ ಅತಿ ಬಿಗಿಯಾಗಿ ಸೊನ್ನೆಗೆ ಎಳೆಯುವುದೂ ಅದನ್ನೇ! ಫಲಿತಾಂಶವಾಗಿ, ಉಳಿಕೆಗಳನ್ನು ಚಿತ್ರದಲ್ಲಿ ನೋಡಿದರೆ ನಾಲ್ಕು ನಾಲ್ಕು ತ್ರೈಮಾಸಿಕಕ್ಕೆ ಅದೇ ಹಲ್ಲು ಮತ್ತೆ ಕಾಣುತ್ತದೆ. ಹಾಗಾಗಿ ಋತುಮಾನ ತೆಗೆದ ಮೇಲೇ ಮುಂದಿನ ಹೆಜ್ಜೆ.

ಎಷ್ಟು ಬಿಗಿ ಎಂದು ಲೆಕ್ಕ ಹಾಕಿ. ಪ್ರತಿ ಸರಣಿಯನ್ನು ಒಂಟಿಯಾಗಿ ಅದರದೇ ಲ್ಯಾಗ್‌ಗಳ ಮೇಲೆ ರಿಗ್ರೆಸ್ ಮಾಡಿ, ಉಳಿಕೆಯ ಪ್ರಮಾಣಿತ ವಿಚಲನೆ ಬರೆದುಕೊಳ್ಳಿ. ಲೆಕ್ಕಕ್ಕೆ ಜಿಡಿಪಿಯದು 0.8, ರೆಪೊ ದರದ್ದು 0.4 ಅನ್ನೋಣ. ಬಿಗಿತದ ತಿರುಪು ಲ್ಯಾಂಬ್ಡಾ, 0.2 ಇರಲಿ. ಜಿಡಿಪಿ ಸಮೀಕರಣದಲ್ಲಿ ರೆಪೊ ದರದ ಮೊದಲ ಲ್ಯಾಗ್‌ಗೆ ಕೇಂದ್ರ 0, ಅದರ ಸುತ್ತಲಿನ ಸಡಿಲ 0.2 × 0.8 / 0.4 = 0.4. ನಾಲ್ಕನೇ ಲ್ಯಾಗ್‌ಗೆ ಇದನ್ನು 4ರಿಂದ ಭಾಗಿಸಿ: 0.1. ಹಳೆಯ ಸುದ್ದಿಗೆ ಕಡಿಮೆ ಬೆಲೆ, ಅಷ್ಟೇ.

ಈ ನಂಬಿಕೆಯನ್ನು ಸಾಲುಗಳಾಗಿ ಬರೆಯಿರಿ. ನನಗೆ ತುಂಬ ಹಿಡಿಸುವ ಹೆಜ್ಜೆ ಇದು. ಪ್ರಯರ್ ಅನ್ನು ನಕಲಿ ಡೇಟಾ ಸಾಲುಗಳಾಗಿ ಬರೆದು ನಿಜವಾದ ಡೇಟಾದ ಕೆಳಗೆ ಅಂಟಿಸಬಹುದು.

```
Xd = np.kron(np.diag([1,2,3,4]), np.diag(sigma)) / lam
Yd = np.vstack([np.diag(delta*sigma)/lam,
                np.zeros((30,10))])
```

`delta` ಅಂದರೆ ಕೇಂದ್ರಗಳು. ಸ್ಥಿರಾಂಕದ ಕಾಲಂನಲ್ಲಿ ಈ ಸಾಲುಗಳಿಗೆ 0 ಹಾಕಿ. ಈಗ ರೆಪೊ ದರದ ಮೊದಲ ಲ್ಯಾಗ್ ಸಾಲನ್ನೇ ನೋಡಿ. ಅದರ ಕಾಲಂನಲ್ಲಿ 0.4 / 0.2 = 2 ಇದೆ, ಜಿಡಿಪಿಯ ಉತ್ತರದ ಜಾಗದಲ್ಲಿ 0. ಅಂದರೆ ಆ ಸಾಲು ಹೇಳುವುದು: ಗುಣಾಂಕದ ಎರಡು ಪಟ್ಟು ಸೊನ್ನೆ, 0.8ರಷ್ಟು ಆಚೀಚೆ. 0.8 / 2 = 0.4. ಮೇಲಿನ ಲೆಕ್ಕವೇ ಬಂತು, ಅಲ್ವಾ? 31 ನಿಜ, 40 ನಕಲಿ, ಒಟ್ಟು 71 ಸಾಲು. ಇದರ ಮೇಲೆ ಮಾಮೂಲಿ ಲೀಸ್ಟ್ ಸ್ಕ್ವೇರ್ಸ್ ಓಡಿಸಿದರೆ ಸಿಗುವುದೇ ಗುಣಾಂಕಗಳ ಪೋಸ್ಟೀರಿಯರ್ ಸರಾಸರಿ, ಅಂದರೆ ನಂಬಿಕೆ ಮತ್ತು ಡೇಟಾ ಎರಡೂ ಸೇರಿದ ಮೇಲಿನ ಅಂದಾಜು.

ಈ ಸುಲಭಕ್ಕೊಂದು ಬೆಲೆಯಿದೆ. ಜಿಡಿಪಿ ಸಮೀಕರಣದಲ್ಲಿ ಬೇರೆಯವರ ಲ್ಯಾಗ್‌ಗಳನ್ನು ಮಾತ್ರ ಇನ್ನಷ್ಟು ಬಿಗಿ ಮಾಡುತ್ತೇನೆ ಅಂದರೆ ಈ ರೂಪದಲ್ಲಿ ಆಗದು. ಅದಕ್ಕೆ ಸಾಮಾನ್ಯವಾಗಿ ಪೋಸ್ಟೀರಿಯರ್‌ನಿಂದ ಸಾವಿರಾರು ಸಲ ಮಾದರಿ ಎತ್ತುವ ಗಿಬ್ಸ್ ಸ್ಯಾಂಪ್ಲಿಂಗ್ ಬಳಸುತ್ತಾರೆ.

ಲ್ಯಾಂಬ್ಡಾ ಆರಿಸಿ. 0.2 ಶುರು ಮಾಡುವ ಜಾಗ ಮಾತ್ರ. ಸರಣಿಗಳು ಹೆಚ್ಚಾದಷ್ಟೂ ಅದನ್ನು ಕಡಿಮೆ ಮಾಡಬೇಕು ಎಂದು ಬಾನ್‌ಬುರಾ, ಜಿಯಾನೋನೆ ಮತ್ತು ರೈಖ್ಲಿನ್ 2010ರಲ್ಲಿ ತೋರಿಸಿದರು. 0.05ರಿಂದ 0.5ರವರೆಗೆ ಹಲವು ಬೆಲೆ ಹಾಕಿ, ಮಾರ್ಜಿನಲ್ ಲೈಕ್ಲಿಹುಡ್ ಯಾವುದಕ್ಕೆ ಹೆಚ್ಚು ಅಂತ ನೋಡಿ. ಹಿಂದಿನದಷ್ಟೇ ಗೊತ್ತಿದ್ದಾಗ ಮಾದರಿಯು ಪ್ರತಿ ಮುಂದಿನ ತ್ರೈಮಾಸಿಕವನ್ನು ಎಷ್ಟು ಚೆನ್ನಾಗಿ ಊಹಿಸುತ್ತಿತ್ತು ಎಂಬುದರ ಅಳತೆ ಅದು. ಇದಕ್ಕೆ ಉಳಿಕೆಗಳ ಕೋವೇರಿಯನ್ಸ್‌ಗೂ ಸ್ಥಿರಾಂಕಕ್ಕೂ ಪ್ರಯರ್ ಸಾಲು ಸೇರಿಸಬೇಕು.

ತಿರುಪು ತೀರಾ ಸಡಿಲವಾದರೆ ಮುನ್ನೋಟ ಎಂಟು ತ್ರೈಮಾಸಿಕದಲ್ಲೇ ಎಲ್ಲೋ ಹಾರಿಹೋಗುತ್ತದೆ. ತೀರಾ ಬಿಗಿಯಾದರೆ ರೆಪೊ ದರ ಏರಿಸಿದರೂ ಜಿಡಿಪಿ ಅಲ್ಲಾಡುವುದಿಲ್ಲ. ಆಗ "ದರಕ್ಕೆ ಪರಿಣಾಮವೇ ಇಲ್ಲ" ಎಂದು ಬರೆಯಬೇಡಿ. ಅದು ಡೇಟಾದ ಮಾತಲ್ಲ, ನೀವೇ ಹಾಕಿದ ನಕಲಿ ಸಾಲುಗಳ ಮಾತು. ಲ್ಯಾಂಬ್ಡಾವನ್ನು ಎರಡು ಪಟ್ಟು ಮಾಡಿ ಮತ್ತೆ ಓಡಿಸಿ ನೋಡಿ.

ಸರಣಿಯನ್ನು 2020ಕ್ಕೆ ಸುಮ್ನೆ ಎಳೆಯಬೇಡಿ. ಆ ವರ್ಷದ ಏಪ್ರಿಲ್-ಜೂನ್‌ನಲ್ಲಿ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ 20ಕ್ಕೂ ಹೆಚ್ಚು ಕುಸಿಯಿತು. ಆ ಒಂದೇ ಸಾಲು 0.8ನ್ನು ಎಷ್ಟೋ ಪಟ್ಟು ಉಬ್ಬಿಸುತ್ತದೆ, ಪ್ರಯರ್‌ನ ಅಳತೆಗೋಲೇ ಕೆಡುತ್ತದೆ. 0.8ನ್ನು 2019ರವರೆಗಿನ ಡೇಟಾದಿಂದಲೇ ಇಟ್ಟುಕೊಂಡು, ಆ ಕೆಲವು ತ್ರೈಮಾಸಿಕಗಳ ಆಘಾತಕ್ಕೆ ಬೇರೆಯೇ ದೊಡ್ಡ ವಿಚಲನೆ ಕೊಡಿ.