ಅಂಗಡಿ ಒಬ್ಬನಿಗೆ, ಲೆಕ್ಕ ಮೂವರಿಗೂ: ನಾನು ವಿಲ್ ಬರೆದ ಕ್ರಮ

"ನನ್ನ ನಂತರ ಅಂಗಡಿ ಕಿರಿಯ ಮಗನಿಗೆ ಸೇರತಕ್ಕದ್ದು." ಪತ್ರ ಬರಹಗಾರರ ಬಳಿ ಹೋದರೆ ಹೆಚ್ಚಾಗಿ ಇಷ್ಟೇ ಬರೆದುಕೊಡುತ್ತಾರೆ. ಜಗಳ ಹುಟ್ಟುವುದು ಈ ಸಾಲಿನಿಂದಲೇ. ಅಂಗಡಿ ಎಂದರೆ ಮಳಿಗೆಯ ಕಟ್ಟಡವೋ, ಒಳಗಿನ ದಾಸ್ತಾನೋ, ಊರಿನವರು ಕೊಡಬೇಕಾದ ಉದ್ದರಿಯೋ, ಕರೆಂಟ್ ಅಕೌಂಟಿನಲ್ಲಿರುವ ಹಣವೋ? ಸಗಟು ವ್ಯಾಪಾರಿಗಳಿಗೆ ಕೊಡಬೇಕಾದ ಬಾಕಿ ಯಾರ ತಲೆಗೆ? ಇವುಗಳನ್ನು ಬಿಡಿಸಿ ಬರೆಯದಿದ್ದರೆ ಕಟ್ಟಡ ನಮಗೂ ಸೇರಿದ್ದು ಎಂದು ಉಳಿದ ಮಕ್ಕಳು ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪೂ ಇರುವುದಿಲ್ಲ.

ನನ್ನದು ದಿನಸಿ ಅಂಗಡಿ, ನಾನೊಬ್ಬನೇ ಮಾಲೀಕ. ಮಕ್ಕಳು ಮೂವರು. ಹಿರಿಯಳು ಮಗಳು, ಇದೇ ಊರಿನಲ್ಲಿದ್ದಾಳೆ. ನಡುವಿನವನಿಗೆ ಬೆಂಗಳೂರಿನಲ್ಲಿ ನೌಕರಿ. ಕಿರಿಯವನು ಹದಿನಾಲ್ಕು ವರ್ಷದಿಂದ ಗಲ್ಲಾದ ಮುಂದೆ ಕೂತಿದ್ದಾನೆ. ಕೆಳಗಿನ ಮೊತ್ತಗಳನ್ನು ದುಂಡಾಗಿಸಿದ್ದೇನೆ, ಲೆಕ್ಕದ ದಾರಿ ಮಾತ್ರ ನಾನು ಹಿಡಿದದ್ದೇ.

ಮೊದಲು ನೋಡಬೇಕಾದದ್ದು ಆಸ್ತಿ ನಿಜಕ್ಕೂ ನನ್ನದೇ ಎಂಬುದನ್ನು. ಮಳಿಗೆ, ಮನೆ, ನಿವೇಶನ ಮೂರನ್ನೂ ನನ್ನ ದುಡಿಮೆಯಲ್ಲಿ ಕ್ರಯಪತ್ರದ ಮೂಲಕ ಕೊಂಡದ್ದರಿಂದ ಅವು ಸ್ವಯಾರ್ಜಿತ, ಯಾರಿಗೆ ಬೇಕಾದರೂ ಬರೆಯಬಹುದು. ಅಣ್ಣತಮ್ಮಂದಿರ ಜೊತೆಗಿನ ವಿಭಾಗದಲ್ಲಿ ಬಂದ ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಆ ಪಾಲು ಹೆಣ್ಣುಮಕ್ಕಳಿಗೂ ಸಮವಾಗಿಯೇ ಇದೆ. ಆಗ ನನ್ನ ಪಾಲಿಗೆ ಮಾತ್ರ ವಿಲ್ ನಡೆಯುತ್ತದೆ. ತಂದೆಯ ಸ್ವಂತ ಆಸ್ತಿ ಅವರು ವಿಲ್ ಬರೆಯದೆ ತೀರಿಕೊಂಡದ್ದರಿಂದ ಬಂದಿದ್ದರೆ, ನನಗೆ ಬಂದ ಪಾಲು ನನ್ನ ಮಕ್ಕಳ ಮಟ್ಟಿಗೆ ನನ್ನ ಸ್ವಂತದ್ದೇ, ಆದರೆ ಅದೇ ಆಸ್ತಿಯಲ್ಲಿ ನನ್ನ ತಾಯಿಗೂ ಒಡಹುಟ್ಟಿದವರಿಗೂ ಪಾಲಿರುತ್ತದೆ. ಮಳಿಗೆ ಬಾಡಿಗೆಯದಾದರೆ ಕಟ್ಟಡವನ್ನು ವಿಲ್‌ನಲ್ಲಿ ಬರೆದು ಪ್ರಯೋಜನವಿಲ್ಲ. ಬದುಕಿರುವಾಗಲೇ ಕರಾರಿಗೆ ಮಗನ ಹೆಸರು ಸೇರಿಸಿ, ಕೊಟ್ಟ ಅಡ್ವಾನ್ಸ್ ಯಾರಿಗೆ ಎಂಬುದನ್ನಷ್ಟೇ ವಿಲ್‌ನಲ್ಲಿ ಬರೆಯಬೇಕು. ಇಲ್ಲಿ ಹೇಳುತ್ತಿರುವುದೆಲ್ಲ ಹಿಂದೂ ಕುಟುಂಬದ ಮಾತು. ಮುಸ್ಲಿಂ ಕಾನೂನಿನಲ್ಲಿ ಉಳಿದ ವಾರಸುದಾರರು ಒಪ್ಪದೆ ಒಬ್ಬ ವಾರಸುದಾರನಿಗೆ ವಿಲ್ ಮೂಲಕ ಹೀಗೆ ಕೊಡಲಾಗದು.

ಇನ್ನು ಬೆಲೆ. ಮಾರ್ಚ್ ಕೊನೆಯ ದಾಸ್ತಾನು ಎಣಿಕೆಯನ್ನೇ ಹಿಡಿದೆ. ದಾಸ್ತಾನು ಕೊಂಡ ಬೆಲೆಯಲ್ಲಿ 27 ಲಕ್ಷ. ಅವಧಿ ಮುಗಿದದ್ದನ್ನೂ ಎರಡು ವರ್ಷದಿಂದ ಕದಲದೆ ಕೂತದ್ದನ್ನೂ ತೆಗೆದ ಮೇಲಿನ ಮೊತ್ತ ಅದು. ಉದ್ದರಿ ಪುಸ್ತಕದಲ್ಲಿ 9 ಲಕ್ಷವಿತ್ತು. ವರ್ಷ ದಾಟಿದ ಬಾಕಿಯನ್ನು ಸೊನ್ನೆ ಎಂದು ಹಿಡಿದು 6 ಲಕ್ಷ ಮಾತ್ರ ಸೇರಿಸಿದೆ. ಫ್ರಿಜ್, ತೂಕದ ಯಂತ್ರ, ರ‍್ಯಾಕುಗಳು 3 ಲಕ್ಷ. ಒಟ್ಟು 36. ಅದರಲ್ಲಿ ಸಗಟಿನವರ ಬಾಕಿ 10, ಬ್ಯಾಂಕಿನ ಸಿಸಿ ಸಾಲ 10 ಕಳೆದರೆ ವ್ಯಾಪಾರದ ನಿವ್ವಳ 16 ಲಕ್ಷ. ಈ ಕಳೆಯುವ ಲೆಕ್ಕವನ್ನೇ ಜನ ಮರೆಯುತ್ತಾರೆ. ಹೊರಗಿದ್ದು ನೋಡುವ ಮಕ್ಕಳಿಗೆ ತುಂಬಿದ ಅಂಗಡಿ ಕಾಣುತ್ತದೆ, ಬಾಕಿ ಕಾಣುವುದಿಲ್ಲ. ಆದ್ದರಿಂದ ಈ ಲೆಕ್ಕದ ಹಾಳೆಗೆ ಸಹಿ ಹಾಕಿ ವಿಲ್ ಜೊತೆ ಇಟ್ಟಿದ್ದೇನೆ.

ಕಟ್ಟಡಗಳಿಗೆ ಒಂದೇ ಅಳತೆಗೋಲು ಇರಬೇಕು. ಒಂದಕ್ಕೆ ಸರ್ಕಾರದ ಮಾರ್ಗಸೂಚಿ ದರ, ಇನ್ನೊಂದಕ್ಕೆ ಮಾರುಕಟ್ಟೆ ದರ ಹಿಡಿದರೆ ಲೆಕ್ಕ ಸೊಟ್ಟಗಾಗುತ್ತದೆ. ಮೂರಕ್ಕೂ ಒಬ್ಬ ಮೌಲ್ಯಮಾಪಕರಿಂದಲೇ ಮಾರುಕಟ್ಟೆ ಬೆಲೆ ಬರೆಸಿದೆ. ಮಳಿಗೆ 46, ಮನೆ 48, ನಿವೇಶನ 30 ಲಕ್ಷ. ಠೇವಣಿ ಪೂರ್ತಿಯಾಗಿ ನನ್ನ ಹೆಂಡತಿಗೆ, ಅದನ್ನು ಮಕ್ಕಳ ಲೆಕ್ಕಕ್ಕೆ ತರಲಿಲ್ಲ.

ಕಿರಿಯವನು ಇಷ್ಟು ವರ್ಷ ಹೊರಗಿನ ಸಂಬಳಕ್ಕಿಂತ ಕಡಿಮೆಗೆ ದುಡಿದಿದ್ದಾನೆ, ವ್ಯಾಪಾರ ಬೆಳೆದದ್ದರಲ್ಲಿ ಅವನ ಕೈ ಇದೆ. ಹಾಗಾಗಿ ವ್ಯಾಪಾರದ 16 ಲಕ್ಷದಲ್ಲಿ ಅರ್ಧವನ್ನು ಅವನ ದುಡಿಮೆಯೆಂದು ಬಿಟ್ಟು, 8 ಲಕ್ಷವನ್ನು ಮಾತ್ರ ಪಾಲಿನ ಲೆಕ್ಕಕ್ಕೆ ತಂದೆ. ಈ ಅರ್ಧ ಕಾನೂನಿನದಲ್ಲ, ನನ್ನ ತೀರ್ಮಾನ. ಕಾರಣವನ್ನು ವಿಲ್‌ನಲ್ಲೇ ಎರಡು ಸಾಲಿನಲ್ಲಿ ಬರೆದಿದ್ದೇನೆ. ಮಗಳ ಮದುವೆಯ ಖರ್ಚನ್ನು ಅವಳ ಪಾಲಿನಲ್ಲಿ ಕಳೆಯಲಿಲ್ಲ. ಅದನ್ನು ಕಳೆಯುವುದಾದರೆ ನಡುವಿನವನ ಇಂಜಿನಿಯರಿಂಗ್ ಫೀಸನ್ನೂ ಗಂಡುಮಕ್ಕಳ ಮದುವೆ ಖರ್ಚನ್ನೂ ಕಳೆಯಬೇಕು, ಆ ದಾರಿಗೆ ಕೊನೆಯಿಲ್ಲ.

ಈಗ ಲೆಕ್ಕ ಹೀಗೆ ನಿಂತಿತು. ಕಿರಿಯವನಿಗೆ ಮಳಿಗೆ 46, ವ್ಯಾಪಾರ 8, ಒಟ್ಟು 54 ಲಕ್ಷ. ಮಗಳಿಗೆ ಮನೆ, 48. ನಡುವಿನವನಿಗೆ ನಿವೇಶನ, 30. ಮೂರೂ ಸೇರಿ 132, ತಲಾ 44. ಹಾಗಾದರೆ ಕಿರಿಯವನು 10 ಲಕ್ಷ, ಮಗಳು 4 ಲಕ್ಷ ನಡುವಿನವನಿಗೆ ಕೊಡಬೇಕು. ಮನೆ, ನಿವೇಶನ ಎರಡನ್ನೂ ಅರ್ಧರ್ಧ ಹಂಚಬಹುದಿತ್ತು, ಆದರೆ ಜಂಟಿ ಆಸ್ತಿಯನ್ನು ಮಾರಲು ಇಬ್ಬರೂ ಒಪ್ಪಬೇಕು. ಜಗಳವನ್ನು ಮುಂದಿನ ತಲೆಮಾರಿಗೆ ಸಾಗಿಸಿದಂತೆ ಅದು. ಒಬ್ಬರಿಗೆ ಒಂದು ಆಸ್ತಿ, ವ್ಯತ್ಯಾಸಕ್ಕೆ ಹಣ ಎಂಬುದನ್ನೇ ಆರಿಸಿಕೊಂಡೆ.

ಹಣ ಕೊಡುವ ಶಕ್ತಿ ಅಂಗಡಿಗಿದೆಯೇ ಎಂದು ನೋಡದೆ ಈ ಮೊತ್ತ ಬರೆಯಬಾರದು. ಒಮ್ಮೆಗೇ 10 ಲಕ್ಷ ಎಂದರೆ ಅವನು ದಾಸ್ತಾನು ಕರಗಿಸಬೇಕು, ಅಲ್ಲಿಗೆ ಅಂಗಡಿಯೇ ಮುಗಿಯುತ್ತದೆ. ವರ್ಷದ ನಿವ್ವಳ ಲಾಭ ಸುಮಾರು 7 ಲಕ್ಷ. ಅದರಲ್ಲಿ ವರ್ಷಕ್ಕೆ 2 ಲಕ್ಷದಂತೆ ಐದು ಕಂತು ಎಂದು ಗೊತ್ತುಮಾಡಿದೆ. ಕಂತು ತಡವಾದರೆ ಎಷ್ಟು ಬಡ್ಡಿ ಎಂದೂ ಬರೆದೆ. ಮನೆಯಲ್ಲಿ ನನ್ನ ಹೆಂಡತಿಗೆ ಜೀವಮಾನವಿಡೀ ವಾಸದ ಹಕ್ಕು ಇರುವುದರಿಂದ, ಮಗಳು ತನ್ನ 4 ಲಕ್ಷವನ್ನು ಮನೆ ಸ್ವಾಧೀನಕ್ಕೆ ಬಂದ ಒಂದು ವರ್ಷದೊಳಗೆ ಕೊಟ್ಟರೆ ಸಾಕು.

ಇಲ್ಲೊಂದು ತೂತಿದೆ. ಕಿರಿಯವನು ಕಂತು ಕಟ್ಟದೆ ಮಳಿಗೆಯನ್ನು ಮಾರಿಬಿಟ್ಟರೆ? "ಈ ಹಣಕ್ಕೆ ಮಳಿಗೆಯೇ ಹೊಣೆ" ಎಂದು ವಿಲ್‌ನಲ್ಲಿ ಬರೆದರೆ ಸಾಲದು. ವಿಲ್ ನೋಂದಣಿ ಆಗುವುದು ಉಪನೋಂದಣಿ ಕಚೇರಿಯ 3ನೇ ಪುಸ್ತಕದಲ್ಲಿ, ಆದ್ದರಿಂದ ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ಅದು ಕಾಣುವುದಿಲ್ಲ. ಈ ಹೊಣೆಯ ವಿಷಯ ತಿಳಿಯದೆ ಹಣ ಕೊಟ್ಟು ಕೊಂಡವನ ಮೇಲೆ ಅದನ್ನು ಹೇರಲು ಆಗದು. ಅದಕ್ಕೆ ಹೀಗೆ ಬರೆಸಿದೆ: "ನನ್ನ ಮರಣದ ಮೂರು ತಿಂಗಳೊಳಗೆ ಕಿರಿಯ ಮಗನು ಸದರಿ 10 ಲಕ್ಷಕ್ಕೆ ಮಳಿಗೆಯ ಮೇಲೆ ಋಣಭಾರದ ಪತ್ರವನ್ನು ನಡುವಿನ ಮಗನ ಹೆಸರಿಗೆ ನೋಂದಾಯಿಸಿಕೊಡತಕ್ಕದ್ದು. ಅದಾದ ಮೇಲೆಯೇ ವಿಲ್ ಜಾರಿದಾರರು ಮಳಿಗೆಯ ಮೂಲ ಕ್ರಯಪತ್ರವನ್ನು ಅವನಿಗೆ ಒಪ್ಪಿಸತಕ್ಕದ್ದು." ಆ ಪತ್ರ ನೋಂದಣಿಯಾದರೆ ಇಸಿಯಲ್ಲಿ ಬರುತ್ತದೆ. ಜಾರಿದಾರರಾಗಿ ಹೆಂಡತಿಯ ತಮ್ಮನನ್ನು ನೇಮಿಸಿದ್ದೇನೆ. ಅಂಗಡಿ ಪಡೆಯುವವನನ್ನೇ ನೇಮಿಸಿದರೆ ಈ ಷರತ್ತಿಗೆ ಅರ್ಥವಿರುವುದಿಲ್ಲ.

ಇದಕ್ಕಿಂತ ದೊಡ್ಡ ತೂತು ಸಿಸಿ ಸಾಲದಲ್ಲಿತ್ತು. ಸಾಲ ಅಂಗಡಿಗೆ, ಆದರೆ ಬ್ಯಾಂಕಿನಲ್ಲಿ ಅಡವಿದ್ದದ್ದು ಮನೆಯ ಪತ್ರ. ಚಿಕ್ಕ ಊರುಗಳಲ್ಲಿ ಇದು ಸಾಮಾನ್ಯ. ಹಾಗೆಯೇ ಬಿಟ್ಟಿದ್ದರೆ ತಮ್ಮ ವ್ಯಾಪಾರದಲ್ಲಿ ಸೋತಾಗ ಅಕ್ಕನ ಮನೆ ಹರಾಜಿಗೆ ಬರುತ್ತಿತ್ತು. "ಸಾಲ ಕಿರಿಯವನೇ ತೀರಿಸಬೇಕು" ಎಂದು ವಿಲ್‌ನಲ್ಲಿ ಬರೆದರೆ ಅದು ಮಕ್ಕಳ ನಡುವಿನ ಮಾತು, ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಆದ್ದರಿಂದ ವಿಲ್ ಬರೆಯುವ ಮೊದಲೇ ಅಡಮಾನವನ್ನು ಮನೆಯಿಂದ ಮಳಿಗೆಗೆ ಬದಲಿಸಿಕೊಂಡೆ. ಮನೆಯ ಋಣಭಾರ ತೀರಿದ್ದನ್ನು ಇಸಿಯಲ್ಲಿ ನೋಡಿದ ಮೇಲೆಯೇ ಕರಡಿಗೆ ಕೂತದ್ದು. ಈ ಬದಲಾವಣೆಯಿಂದ ಒಂದು ತಿದ್ದುಪಡಿಯೂ ಬಂತು: ಮಳಿಗೆಯ ಕ್ರಯಪತ್ರ ಈಗ ಬ್ಯಾಂಕಿನಲ್ಲಿರುವುದರಿಂದ, ಸಾಲ ತೀರಿದಾಗ ಅದನ್ನು ಜಾರಿದಾರರ ಕೈಗೆ ಕೊಡಬೇಕೆಂದು ಮೇಲಿನ ಷರತ್ತಿಗೆ ಸೇರಿಸಿದೆ. ನಡುವಿನವನ ಋಣಭಾರ ಬ್ಯಾಂಕಿನ ಹಿಂದೆ ನಿಲ್ಲುತ್ತದೆ. 46 ಲಕ್ಷದ ಮಳಿಗೆಯ ಮೇಲೆ ಎರಡೂ ಸೇರಿ 20 ಲಕ್ಷ, ಅಷ್ಟಕ್ಕೆ ಜಾಗವಿದೆ.

ಸಹಿಯ ವಿಷಯ. ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಆದರೂ ನೋಂದಾಯಿಸಿದೆ. ಕಡ್ಡಾಯವಾದದ್ದು ಇಬ್ಬರು ಸಾಕ್ಷಿಗಳು. ನಾನು ಸಹಿ ಮಾಡಿದ್ದನ್ನು ಅವರು ನೋಡಿ ನನ್ನೆದುರೇ ಸಹಿ ಹಾಕಬೇಕು. ಮುಂದೆ ಕೋರ್ಟಿನಲ್ಲಿ ವಿಲ್ ಸಾಬೀತಾಗಬೇಕಾದರೆ ಅವರಲ್ಲಿ ಒಬ್ಬರಾದರೂ ಬಂದು ಸಾಕ್ಷಿ ಹೇಳಬೇಕಾಗುತ್ತದೆ. ಅದಕ್ಕೇ ನನ್ನ ವಯಸ್ಸಿನ ಗೆಳೆಯರನ್ನು ಬಿಟ್ಟು ನಲವತ್ತರ ಆಸುಪಾಸಿನ ಇಬ್ಬರನ್ನು ಹಿಡಿದೆ, ಒಬ್ಬರು ನಮ್ಮನ್ನು ನೋಡುವ ಡಾಕ್ಟರು. ಕಿರಿಯವನು ಕರಡು ಬರೆಸುವುದಕ್ಕಾಗಲಿ ಕಚೇರಿಗಾಗಲಿ ಬರಲಿಲ್ಲ. ಮೈಸೂರು ಸೀಮೆಯ ಒಂದು ವಿಲ್ ಬಗ್ಗೆ ಸುಪ್ರೀಂ ಕೋರ್ಟ್ 1958ರಲ್ಲಿ ಕೊಟ್ಟ ವೆಂಕಟಾಚಲ ಅಯ್ಯಂಗಾರ್ ತೀರ್ಪನ್ನು ವಕೀಲರು ಇಂದಿಗೂ ಎತ್ತುತ್ತಾರೆ: ದೊಡ್ಡ ಲಾಭ ಪಡೆಯುವವನೇ ಮುಂದೆ ನಿಂತು ವಿಲ್ ಬರೆಸಿದ್ದರೆ ಅದು ಅನುಮಾನಕ್ಕೆ ಕಾರಣ, ಆ ಅನುಮಾನ ಕಳೆಯುವ ಹೊಣೆ ವಿಲ್ ಹಿಡಿದು ಬಂದವನದು. ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದದ್ದೂ ಪಾಟೀಸವಾಲಿನಲ್ಲಿ ಬರುತ್ತದೆ.

ಬ್ಯಾಂಕಿನ ನಾಮಿನಿ ಹೆಸರುಗಳನ್ನೂ ವಿಲ್‌ಗೆ ಹೊಂದಿಸಿದೆ. ಠೇವಣಿಗೆ ಹೆಂಡತಿ, ಕರೆಂಟ್ ಅಕೌಂಟಿಗೆ ಕಿರಿಯವನು. ನಾಮಿನಿ ಹಣ ಪಡೆಯುವವನೇ ಹೊರತು ಅಷ್ಟಕ್ಕೇ ಒಡೆಯನಾಗುವುದಿಲ್ಲ, ಆದರೆ ಎರಡೂ ಕಡೆ ಬೇರೆ ಬೇರೆ ಹೆಸರಿದ್ದರೆ ಹಣ ಒಬ್ಬನ ಕೈಯಲ್ಲಿ, ಹಕ್ಕು ಇನ್ನೊಬ್ಬನಲ್ಲಿ ಎಂದಾಗುತ್ತದೆ.

ಕೊನೆಗೆ, ಅಂಗಡಿ ಬಾಗಿಲು ಮುಚ್ಚದಂತೆ ಕಿರಿಯವನಿಗೆ ಒಂದು ಪುಟದ ಟಿಪ್ಪಣಿ ಬೇರೆಯಾಗಿ ಬರೆದಿಟ್ಟೆ. ಒಬ್ಬನೇ ಮಾಲೀಕನಿರುವ ಅಂಗಡಿಯ ಜಿಎಸ್‌ಟಿ ನೋಂದಣಿ ಮಗನಿಗೆ ಬರುವುದಿಲ್ಲ. ಅವನು ಮೂವತ್ತು ದಿನದೊಳಗೆ ತನ್ನ ಪ್ಯಾನ್ ಮೇಲೆ ಹೊಸದಕ್ಕೆ ಅರ್ಜಿ ಹಾಕಿ, ಕಾರಣದಲ್ಲಿ ಮಾಲೀಕರ ಮರಣ ಎಂದು ತೋರಿಸಬೇಕು. ಹಳೆಯ ನೋಂದಣಿಯಲ್ಲಿ ಉಳಿದ ತೆರಿಗೆ ಕ್ರೆಡಿಟ್ಟನ್ನು `ITC-02` ನಮೂನೆಯಲ್ಲಿ ತನ್ನದಕ್ಕೆ ಸಾಗಿಸಿಕೊಂಡ ಮೇಲೆಯೇ ಹಳೆಯದನ್ನು ರದ್ದು ಮಾಡಿಸಬೇಕು. ಈ ಕ್ರಮ ತಿರುವುಮುರುವಾದರೆ ಕ್ರೆಡಿಟ್ ಸಿಕ್ಕಿಬೀಳುತ್ತದೆ. ಆಹಾರ ಸುರಕ್ಷತೆಯ ಲೈಸೆನ್ಸ್ ಮರಣದ ನಂತರ 90 ದಿನ ಮನೆಯವರಿಗಾಗಿ ಚಾಲ್ತಿಯಲ್ಲಿರುತ್ತದೆ, ಲೈಸೆನ್ಸಿನ ಅವಧಿಯೇ ಮೊದಲು ಮುಗಿದರೆ ಅಲ್ಲಿಯವರೆಗೆ ಮಾತ್ರ.

10 ಮತ್ತು 4 ಲಕ್ಷ ಎಂಬುದು ಇಂದಿನ ಬೆಲೆಯ ಲೆಕ್ಕ. ಬಡಾವಣೆ ಬೆಳೆದು ನಿವೇಶನವೇ ಮಳಿಗೆಗಿಂತ ದುಬಾರಿಯಾಗಬಹುದು. ವಿಲ್ ಬರೆದು ಐದು ವರ್ಷ ದಾಟಿದ ಮೇಲೆ ನಾನು ತೀರಿಕೊಂಡರೆ ಜಾರಿದಾರರು ಒಬ್ಬ ಮೌಲ್ಯಮಾಪಕರಿಂದ ಮೂರನ್ನೂ ಮತ್ತೆ ಅಳೆಸಿ, ಇದೇ ವಿಧಾನದಲ್ಲಿ ಮೊತ್ತ ತಿದ್ದಬೇಕು ಎಂಬ ಸಾಲನ್ನು ಸೇರಿಸಿದ್ದೇನೆ. ಅಲ್ಲಿಯವರೆಗೆ ಪ್ರತಿ ಮಾರ್ಚ್‌ನಲ್ಲಿ ದಾಸ್ತಾನು ಎಣಿಸಿದ ದಿನವೇ ಹಾಳೆಯಲ್ಲಿ ಹೊಸ ಅಂಕಿ ಬರೆಯುತ್ತೇನೆ. ವ್ಯತ್ಯಾಸ ಹೆಚ್ಚಾಗಿ ಕಂಡರೆ ಪೂರಕ ವಿಲ್ ಬರೆಸುತ್ತೇನೆ, ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು. ಮೂಲ ವಿಲ್‌ನಲ್ಲಿ ಪೆನ್ನಿನಿಂದ ಅಂಕಿ ಹೊಡೆದು ತಿದ್ದುವುದು ಮಾತ್ರ ಬೇಡ, ಸಾಕ್ಷಿಯಿಲ್ಲದ ತಿದ್ದುಪಡಿಗೆ ಬೆಲೆಯಿಲ್ಲ.